ಅಕ್ಟೋಬರ್ ತಿಂಗಳ ಗೋಡೆ

ಸಿಂಧನೂರಿನಲ್ಲಿ ಮನೆಯ ಒಳಾಂಗಣದ ಕೆಲಸ ಮಾಡುವ ನನಗೆ ಎಲ್ಲರೂ ಮೊದಲು ಕೇಳುವುದು ಫೋಟೊ. ‘ಹಿಂದ ಹೆಂಗಿತ್ತು, ಈಗ ಹೆಂಗಾಗೈತಿ, ಎರಡೂ ತೋರಿಸ್ರಿ’ ಅನ್ನುತ್ತಾರೆ. ನ್ಯಾಯವಾದ ಬೇಡಿಕೆ. ಆದರೆ ನಮ್ಮೂರಲ್ಲಿ ಆ ಫೋಟೊ ಯಾವ ತಿಂಗಳಿನದು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು.

ಒಂದು ಮನೆಯ ಕತೆ ಹೇಳುತ್ತೇನೆ. ಮನೆಯವರು ಒಪ್ಪಿಯೇ ಹೇಳುತ್ತಿರುವುದು. ಪಡಸಾಲೆಯ ಗೋಡೆಗೆ ನೆಲದಿಂದ ಮೂರೂವರೆ ಅಡಿಯವರೆಗೆ ಸವಳು ಹತ್ತಿತ್ತು. ಬಣ್ಣ ಹಪ್ಪಳದಂತೆ ಎದ್ದು, ಕೆಳಗೆ ಬಿಳಿ ಉಪ್ಪಿನ ಹುಡಿ ಉದುರುತ್ತಿತ್ತು. ಮೊದಲು ಬಂದ ಒಬ್ಬರು ಅದರ ಮೇಲೆ ಪಿವಿಸಿ ಹಲಗೆ ಹೊಡೆದು ಚಂದ ಮಾಡಿ ಹೋಗಿದ್ದರಂತೆ. ಎರಡು ವರ್ಷಕ್ಕೆ ಹಲಗೆಯ ಹಿಂದಿನಿಂದ ಕಮಟು ವಾಸನೆ. ಬಿಚ್ಚಿ ನೋಡಿದರೆ ಪ್ಲಾಸ್ಟರು ಕೈಗೇ ಬಂತು.

ಕಾರಣ ಗೋಡೆಯಲ್ಲಿರಲಿಲ್ಲ, ಊರಲ್ಲಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಬಂತು, ದುಡ್ಡು ಬಂತು, ಜೊತೆಗೆ ಎರಿ ನೆಲದಲ್ಲಿ ನೀರು ನಿಂತು ಸವಳೂ ಬಂತು. ಇಟ್ಟಿಗೆ ಆ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆಯುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಈ ಮನೆಗೆ ಇನ್ನೊಂದು ಕಾಟವಿತ್ತು: ಹತ್ತು ಸಲ ಡಾಂಬರು ಕಂಡ ರಸ್ತೆ ಮನೆಯ ನೆಲಗಟ್ಟಿಗಿಂತ ಮೇಲೆ ಬಂದಿತ್ತು.

ನೀರು ಗೋಡೆಯೊಳಗಿನದೋ ಹೊರಗಿನ ಗಾಳಿಯದೋ ತಿಳಿಯಲು ಸುಲಭದ ಉಪಾಯವಿದೆ. ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ಇಲ್ಲಿ ಹಿಂದೆಯೇ ಕಟ್ಟಿತು.

ನಾವು ಮೊದಲು ಕೈ ಹಾಕಿದ್ದು ಹೊರಗೆ. ಗೋಡೆಗುಂಟ ಮಣ್ಣು ತೆಗೆದು, ನೀರು ಹರಿದು ಹೋಗುವಂತೆ ಗಟಾರ ಮಾಡಿಸಿದೆವು. ಫೆಬ್ರವರಿಯಲ್ಲಿ ಸಿಮೆಂಟ್ ಪ್ಲಾಸ್ಟರನ್ನು ಸವಳಿನ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೆ ಕಿತ್ತು, ಇಟ್ಟಿಗೆಯನ್ನು ಏಪ್ರಿಲ್‌ವರೆಗೆ ಬರಿದೇ ಬಿಟ್ಟೆವು. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಸುಣ್ಣದ ಗಾರೆ. ಅದು ಉಸಿರಾಡುತ್ತದೆ, ನೀರನ್ನು ಹೊರಗೆ ಬಿಡುತ್ತದೆ. ನಮ್ಮ ಬಿಸಿಲಿಗೆ ಬಿರುಕು ಬಿಡದಂತೆ ಹಲವು ದಿನ ಹಸಿ ಗೋಣಿ ಹೊದಿಸಿಟ್ಟೆವು. ಮೇಲೆ ಸುಣ್ಣದ ಬಳಿಕೆ, ಅಷ್ಟೇ.

ಮೇ ತಿಂಗಳಲ್ಲಿ ಗೋಡೆ ಹಾಲಿನಂತಿತ್ತು. ಫೋಟೊ ತೆಗೆಯೋಣವೆಂದು ಜೊತೆಗಿದ್ದ ಹುಡುಗ ಅವಸರ ಮಾಡಿದ. ನಾನು ಒಪ್ಪಲಿಲ್ಲ. ಮೊದಲ ಫೋಟೊ ಅಕ್ಟೋಬರ್‌ನದು, ಕಾಲುವೆ ತುಂಬಿ ಗದ್ದೆಯಲ್ಲಿ ನೀರು ನಿಂತಾಗಿನದು. ಕಾಲುವೆ ಒಣಗಿದ ಮೇ ತಿಂಗಳಲ್ಲಿ ಏನೂ ಮಾಡದ ಗೋಡೆಯೂ ಸುಧಾರಿಸಿದಂತೆ ಕಾಣುತ್ತದೆ. ಹಿಂದಿನದು, ಮುಂದಿನದು ಎರಡನ್ನೂ ತೋರಿಸುವ ರೂಢಿ ಹಳೆಯದು. ಇಂಗ್ಲೆಂಡಿನ ಉದ್ಯಾನ ವಿನ್ಯಾಸಕ ಹಂಫ್ರಿ ರೆಪ್ಟನ್ 18ನೇ ಶತಮಾನದ ಕೊನೆಯಲ್ಲೇ ಕೆಂಪು ರಟ್ಟಿನ ಪುಸ್ತಕಗಳಲ್ಲಿ ಹಿಂದಿನ ನೋಟವನ್ನು ಒಂದು ಮಡಿಕೆಯ ಮೇಲೆ ಬರೆದು, ಮಡಿಕೆ ಎತ್ತಿದರೆ ಮುಂದಿನ ನೋಟ ಕಾಣುವಂತೆ ಮಾಡುತ್ತಿದ್ದ. ಅವನ ಮುಂದಿನ ನೋಟ ಬರೀ ಭರವಸೆ. ನಮ್ಮದು ಕೆಲಸ ಮುಗಿದ ಮೇಲಿನದು, ಋತು ದಾಟಿ ಬರಬೇಕು.

ಎಲ್ಲ ಕಡೆಯೂ ಅಕ್ಟೋಬರ್ ಅಲ್ಲ. ಮಸ್ಕಿ, ಲಿಂಗಸುಗೂರಿನ ಕಲ್ಲು ಗೋಡೆಯ ಹಳೆ ಮನೆಗಳಲ್ಲಿ ನಾನು ಕಂಡ ತೊಂದರೆ ಸೆಕೆ. ಅಲ್ಲಿ ಎರಡೂ ಫೋಟೊ, ಎರಡೂ ಉಷ್ಣಮಾಪಕದ ಲೆಕ್ಕ, ಮೇ ತಿಂಗಳ ಮಧ್ಯಾಹ್ನದ್ದೇ ಆಗಬೇಕು.

ಒಪ್ಪಿಗೆಯ ಮಾತು. ಹೊಸ ಗೋಡೆ ತೋರಿಸಲು ಎಲ್ಲರೂ ಹ್ಞೂಂ ಅನ್ನುತ್ತಾರೆ. ಆ ಸವಳು ಗೋಡೆಯ ಮನೆಯ ಅಜ್ಜಿ ಮಾತ್ರ ‘ಹಳೇ ಗ್ವಾಡಿ ತೋರಿಸಬ್ಯಾಡಪ, ಮನ್ಯಾಗ ಮದುವಿ ಆಗೋ ಹುಡುಗಿ ಅದಾಳ, ಮಂದಿ ಏನಂದಾರು’ ಅಂದರು. ಅವರು ಹೇಳಿದ್ದು ಸರಿ. ಹಳೆಯ ಫೋಟೊದಲ್ಲಿ ಒಂದು ಮನೆತನದ ಕಷ್ಟ ಇರುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡೆವು: ಯಾವ ನಾಲ್ಕು ಫೋಟೊ, ಯಾರಿಗೆ ತೋರಿಸುವುದು, ದೇವರ ಜಗಲಿ ಮತ್ತು ತಿಜೋರಿ ಕಾಣಬಾರದು, ಹೆಸರು, ಓಣಿ ಬೇಡ, ಬೇಡವೆಂದ ದಿನ ತೆಗೆಯಬೇಕು. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರು ಓದಿದ್ದಕ್ಕೆ ನಾವು ಹೆಮ್ಮೆಪಡುತ್ತೇವೆ. ಆದರೆ ಅವನು ತಾನೇ ಹೇಳಿ ಕೆತ್ತಿಸಿದ ಹೆಸರು ಅದು; ಈ ಮನೆಯವರು ಬೇಡವೆಂದ ಹೆಸರನ್ನು ನಾನು ಹಾಕುವಂತಿಲ್ಲ. ಹಳೆಯ ಗೋಡೆಯನ್ನು ಹುಡುಗಿಯ ಮದುವೆ ಮುಗಿದ ಮೇಲೆ ತೋರಿಸು ಅಂತ ಅಜ್ಜಿ ಅಂದರು, ಹಾಗೇ ಮಾಡಿದೆ.

ಮರು ಅಕ್ಟೋಬರ್‌ನಲ್ಲಿ ಅದೇ ಜಾಗದಲ್ಲಿ ನಿಂತು, ಅದೇ ಎತ್ತರದಿಂದ, ಬೆಳಗಿನ ಅದೇ ಹೊತ್ತಿನಲ್ಲಿ, ದೀಪ ಆರಿಸಿ ತೆಗೆದೆ. ಗೋಡೆ ಒಣಗಿತ್ತು. ಪಕ್ಕದ ಮನೆಯ ಬಚ್ಚಲಿಗೆ ಹೊಂದಿಕೊಂಡ ಮೂಲೆಯಲ್ಲಿ ಮಾತ್ರ ಅಂಗೈಯಗಲ ಉಪ್ಪು ಎದ್ದಿದೆ. ಅದೂ ಫೋಟೊದಲ್ಲಿದೆ.