ಹೊಸ ಮನೆಯ ಜಗಲಿ

ನಮ್ಮ ಹಳೆಯ ಮನೆ ಇಂಡಿಯ ಹತ್ತಿರದ ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆ, ಒಂದೂವರೆ ಮೊಳ ದಪ್ಪದ ಗೋಡೆ. ಆ ಗೋಡೆಯಲ್ಲೇ ಒಂದು ಮಾಡ ಕೊರೆದು, ಅದರೊಳಗೆ ದೇವರನ್ನಿಟ್ಟಿದ್ದರು ನಮ್ಮ ಹಿರಿಯರು. ಹೋದ ವರ್ಷ ಇಂಡಿಯಲ್ಲಿ ಮಗ ಮನೆ ಕಟ್ಟಿಸಿದ. ಒಳಗೋಡೆಗಳೆಲ್ಲ ಅರ್ಧ ಇಟ್ಟಿಗೆ ದಪ್ಪ. ಅಲ್ಲಿ ಮಾಡ ಕೊರೆದರೆ ಕೈ ಆಚೆಯ ಕೋಣೆಗೇ ಹೋಗುತ್ತದೆ! ಹೀಗಾಗಿ ಹಲಗೆಯ ಜಗಲಿ ಮಾಡಿಸುವುದೆಂದಾಯಿತು. ಆ ಕೆಲಸ ನನಗೂ ಆರನೇ ಇಯತ್ತೆಯ ಮೊಮ್ಮಗನಿಗೂ ಬಂತು.

ಮೊದಲು ಹಳೆಯ ಮಾಡದ ಸಾಮಾನುಗಳನ್ನು ಚಾಪೆಯ ಮೇಲೆ ಹರವಿದೆವು. ಮೊಮ್ಮಗ ಎಣಿಸಿದ: ಮೂವತ್ತೊಂದು! ಅದರಲ್ಲಿ ದೇವರು ಅಂತ ನಾವು ನಿತ್ಯ ಕೈಮುಗಿಯುತ್ತಿದ್ದವು ಐದೇ. ಉಳಿದವೆಲ್ಲ ಹಳೆಯ ಕ್ಯಾಲೆಂಡರಿನ ಚಿತ್ರ, ಲಗ್ನಪತ್ರಿಕೆಯ ಗಣಪತಿ, ಜಾತ್ರೆಯಿಂದ ತಂದ ಫೋಟೋ, ಒಡೆದ ಗಾಜು. ಫೋಟೋಗಳ ಹಿಂದಿನ ರಟ್ಟು ತಂಪು ಹಿಡಿದು ಉಬ್ಬಿತ್ತು; ಒಂದರಲ್ಲಿ ಗೆದ್ದಲು ಕೂಡ ಇತ್ತು. ಅದನ್ನು ಹಾಗೇ ತಂದು ಹೊಸ ಹಲಗೆಗೆ ಆನಿಸಿದ್ದರೆ ಗೆದ್ದಲಿಗೂ ಹೊಸ ಮನೆಯಾಗುತ್ತಿತ್ತು. ಗಾಜು, ಮೊಳೆ, ತಂತಿ ಬೇರೆ ತೆಗೆದೆವು. ಕಾಗದದ ಚಿತ್ರಗಳನ್ನು ಬಕೆಟ್ಟಿನ ನೀರಲ್ಲಿ ನೆನೆಸಿ, ಕಿವುಚಿ, ಲಿಂಬೆ ಗಿಡದ ಬುಡದ ಮಣ್ಣಲ್ಲಿ ಮುಚ್ಚಿದೆವು. ಬಾವಿಗೆ ಒಗೆಯುವುದು, ಆಲದ ಮರದ ಕೆಳಗೆ ಇಟ್ಟು ಬರುವುದು ನನಗೆ ಸೇರುವುದಿಲ್ಲ. ನಮ್ಮ ಮನೆಯ ದೇವರನ್ನು ಊರವರು ಯಾಕೆ ತುಳಿಯಬೇಕು?

ಉಳಿದದ್ದು ಬಸವಣ್ಣನವರ ಚಿತ್ರ, ಮನೆದೇವರ ಹಿತ್ತಾಳೆ ಮೂರ್ತಿ, ಒಂದು ಗಂಟೆ, ಸಮೆ ಮತ್ತು ಇಬತ್ತಿಯ ಬಟ್ಟಲು. ಇಷ್ಟಲಿಂಗ ಮೈಮೇಲೆಯೇ ಇರುತ್ತದೆ, ಅದಕ್ಕೆ ಜಗಲಿ ಬೇಕಿಲ್ಲ.

ಆಗ ಮೊಮ್ಮಗ ಚೀಲದಿಂದ ಅವರಾಯಿಯ ಫೋಟೋ ತೆಗೆದ. "ಆಯಿ ಫೋಟೋನೂ ಜಗಲಿ ಮ್ಯಾಲೇ ಇರ್ಲಿ, ಮುತ್ಯಾ."

ನನ್ನವಳು ತೀರಿಕೊಂಡು ಎರಡು ವರ್ಷ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಹೂಂ ಅನ್ನಲೂ ಮನಸ್ಸಾಗಲಿಲ್ಲ. "ಆಮ್ಯಾಗ ನೋಡೋಣು," ಅಂದೆ.

ಜಾಗಕ್ಕೆ ಸೊಸೆ ಬುದ್ಧಿ ಹೇಳಿದಳು. ನಾನು ಅಡುಗೆಮನೆಯ ಮೂಲೆ ತೋರಿಸಿದ್ದೆ. "ಮಾವಾರ, ಅಲ್ಲಿ ಒಗ್ಗರಣಿ ಹೊಗಿ ಕುಂದರ್ತದ್ರಿ, ದೇವ್ರು ಜಿಡ್ಡಾಗ್ತಾವ," ಅಂದಳು. ಖರೆ ಮಾತು. ನಡುಮನೆಯ ಮೂಡಣ ಗೋಡೆಗೆ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಹಲಗೆ ಬಡಿಸಿದೆವು. ಮೊಮ್ಮಗ ಚಕ್ಕಳಬಕ್ಕಳ ಹಾಕಿ ಕೂತರೆ ಅವನ ಕಣ್ಣಿಗೆ ಸರಿಯಾಗುವ ಎತ್ತರ. ಅದರ ಮೇಲೊಂದು ಸಣ್ಣ ಹಲಗೆ, ಎಣ್ಣೆ–ಬತ್ತಿ ಇಡಲು.

ತಪ್ಪಾದದ್ದು ಅಲ್ಲೇ. ನಾಲ್ಕನೇ ದಿನ ಏನೋ ಸುಟ್ಟ ವಾಸನೆ. ನೋಡಿದರೆ ಮೇಲಿನ ಹಲಗೆಯ ಕೆಳಮೈಯಲ್ಲಿ ರೂಪಾಯಿಯಷ್ಟಗಲ ಕರಕಲು. ಕೆಳಗಿಟ್ಟ ಸಮೆಯ ಉರಿಗೂ ಆ ಹಲಗೆಗೂ ಇದ್ದದ್ದು ಒಂದು ಗೇಣು. ಹಳೆಯ ಮಾಡದಲ್ಲಿ ಎಷ್ಟೋ ವರ್ಷ ದೀಪ ಉರಿದಿತ್ತು, ಏನೂ ಆಗಿರಲಿಲ್ಲ. ಅಲ್ಲಿ ನೆತ್ತಿಯ ಮೇಲಿದ್ದದ್ದು ಮಣ್ಣು. ಮಣ್ಣು ಮಸಿ ಹಿಡಿಯುತ್ತದೆ, ಉರಿ ಹಿಡಿಯುವುದಿಲ್ಲ. ಉರಿ ಪಕ್ಕಕ್ಕಿಂತ ಮೇಲಕ್ಕೇ ಹೆಚ್ಚು ಕಾವು ಕಳಿಸುತ್ತದೆ ಎಂಬುದನ್ನು ನಾನು ಈ ವಯಸ್ಸಿನಲ್ಲಿ ಮರೆತಿದ್ದೆ. ಮೇಲಿನ ಹಲಗೆ ಕಿತ್ತು ಹಾಕಿದೆವು. ಮನೆ ಕಟ್ಟಿ ಉಳಿದಿದ್ದ ಶಹಾಬಾದ್ ಫರಸಿಯ ತುಂಡೊಂದನ್ನು ಜಗಲಿಯ ಮುಂದೆ ನೆಲಕ್ಕಿಟ್ಟು, ಸಮೆಯನ್ನು ಅದರ ಮೇಲಿಟ್ಟೆವು. ಈಗ ಅದರ ನೆತ್ತಿಯ ಮೇಲೆ ಬರೀ ಗಾಳಿ. ಬತ್ತಿಯನ್ನೂ ಗಿಡ್ಡ ಮಾಡಿದೆವು. ಎಣ್ಣೆಯಿಂದ ಕಡಲೆಕಾಳಿನಷ್ಟು ಹೊರಗಿದ್ದರೆ ಸಾಕು; ಉದ್ದವಾದರೆ ಉರಿಯ ತುದಿ ಕುಣಿದು ಕಪ್ಪು ಹೊಗೆ ಬಿಡುತ್ತದೆ. ಗೋಡೆ ಕರ‍್ರಗಾಗತೊಡಗಿದರೆ ಬತ್ತಿ ಉದ್ದವಾಗಿದೆ ಎಂದೇ ತಿಳಿಯಬೇಕು. ಮಲಗುವ ಮುಂಚೆ ದೀಪ ಶಾಂತ ಮಾಡುತ್ತೇವೆ. ಮಿಣಮಿಣ ಲೈಟಿನ ಸರ ಮಗ ತಂದಿದ್ದ; ಅದನ್ನು ದೀಪಾವಳಿಗೆ ಎತ್ತಿಟ್ಟೆ.

ಇನ್ನು ಫೋಟೋದ ಮಾತು. ನಮ್ಮಲ್ಲಿ ಸತ್ತವರ ಇಷ್ಟಲಿಂಗ ಅವರ ಅಂಗೈಯಲ್ಲೇ ಇಟ್ಟು ಮಣ್ಣು ಕೊಡುತ್ತೇವೆ. ಹಾಗಾಗಿ ಅವಳದೆನ್ನುವ ದೇವರ ಸಾಮಾನು ಏನೂ ಉಳಿದಿರಲಿಲ್ಲ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿಯಲ್ಲಿ ಲಿಂಗೈಕ್ಯರಾದಾಗ, ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರಲ್ಲ, ಅದನ್ನು ಮೊಮ್ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿ ಏನೂ ಬರ್ದಿಟ್ಟಿಲ್ಲಲ್ಲ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ.

ಕಡೆಗೆ ಫೋಟೋವನ್ನು ಎದುರಿನ ಗೋಡೆಗೆ ಹಾಕಿದೆವು. ಜಗಲಿಯ ಮೇಲಲ್ಲ, ಆದರೆ ದೀಪ ಹಚ್ಚಿದರೆ ಅದರ ಗಾಜಿನಲ್ಲಿ ಬೆಳಕು ಕಾಣುತ್ತದೆ. ಅವಳು ಅರ್ಧ ಸವೆಸಿದ ಇಬತ್ತಿಯ ಗಟ್ಟಿ ಬಟ್ಟಲಲ್ಲೇ ಇದೆ. ದಿನಾ ನಾವಿಬ್ಬರೂ ಅದರಿಂದಲೇ ಹಚ್ಚಿಕೊಳ್ಳುತ್ತೇವೆ.

ರವಿವಾರ ಹಿತ್ತಾಳೆ ತಿಕ್ಕುವ ಪಾಳಿ ಮೊಮ್ಮಗನದು. ಅರ್ಧ ಲಿಂಬೆಹಣ್ಣಿಗೆ ಚಿಟಿಕೆ ಉಪ್ಪು ಹಚ್ಚಿ ತಿಕ್ಕಿ, ಕೂಡಲೇ ತೊಳೆದು, ಒಣಬಟ್ಟೆಯಿಂದ ಒರೆಸಬೇಕು. ಒಮ್ಮೆ ಆಟಕ್ಕೆ ಓಡಿಹೋಗಿ ಲಿಂಬೆರಸ ಹಾಗೇ ಬಿಟ್ಟಿದ್ದ, ಗಂಟೆಯ ಮೇಲೆ ಕೆಂಪು ಕಲೆ ಕೂತಿತು. ಅದಿನ್ನೂ ಪೂರ್ತಿ ಹೋಗಿಲ್ಲ. ಗಂಟೆ ಬಾರಿಸುವಾಗ ಆ ಕಲೆಯನ್ನು ತನ್ನ ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಾನೆ.