ಶನಿವಾರದ ಸಾಲು

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿರುವ ಒಂದು ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು. ತಲಾ ಒಂದೇ ವಿಭಾಗ. ಜೂನ್ ಬಂತೆಂದರೆ ಅಲ್ಲಿನ ಮುಖ್ಯೋಪಾಧ್ಯಾಯರು ವರ್ಷದ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಮಾತಿನಂತೆಯೇ ಬರೆದು ಕೊಡುತ್ತಾರೆ: ‘ಹತ್ತಕ್ಕೆ ದಿನವೂ ಮೊದಲ ಅವಧಿ ಗಣಿತ. ಒಂಬತ್ತಕ್ಕೆ ಊಟಕ್ಕೆ ಮುಂಚಿನದು. ಎಂಟಕ್ಕೆ ಕೊನೆಯದು. ಹತ್ತಕ್ಕೆ ಗುರುವಾರ ಕೊನೆಯ ಎರಡು ಅವಧಿ ಭೌತಶಾಸ್ತ್ರದ ಪ್ರಯೋಗ. ಹಿಂದಿ ಮೇಡಂ ಹೊಸದುರ್ಗದ ಬಸ್ಸಿಗೆ ಬರುವುದರಿಂದ ಅವರಿಗೆ ಮೊದಲ ಅವಧಿ ಬೇಡ.’ ಓದಿದರೆ ಎಲ್ಲವೂ ಸರಿಯಾಗಿದೆ. ನೋಟಿಸ್ ಬೋರ್ಡಿಗೆ ಹಾಕಲು ಮನೆಗಳನ್ನು ಗೀಚಿ ಕುಳಿತಾಗ ಮಾತ್ರ ಪ್ರಶ್ನೆಗಳು ಏಳುತ್ತವೆ.

ನಾನು ಮೊದಲು ಮನೆಗಳನ್ನು ಎಣಿಸುತ್ತೇನೆ. ಆ ಶಾಲೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಏಳು ಅವಧಿ, ಶನಿವಾರ ಬೆಳಗಿನ ಶಾಲೆ, ಐದು ಅವಧಿ. ಒಂದು ತರಗತಿಗೆ ವಾರಕ್ಕೆ 40 ಮನೆ. ಹತ್ತನೆಯ ತರಗತಿಯ ಉಳಿದೆಲ್ಲ ವಿಷಯಗಳನ್ನು ಕೂಡಿಸಿದರೆ 34 ಬಂತು. ಗಣಿತ ‘ದಿನವೂ’ ಎಂದರೆ ಐದೋ ಆರೋ? ಐದಾದರೆ 39, ಒಂದು ಮನೆ ಖಾಲಿ ಉಳಿಯುತ್ತದೆ. ಆರಾದರೆ ಲೆಕ್ಕ ಮುಚ್ಚುತ್ತದೆ. ಶನಿವಾರವೂ ಗಣಿತ ಇದೆ ಎಂದು ಕೂಡಿಕೆಯೇ ಹೇಳಿಬಿಟ್ಟಿತು, ಯಾರನ್ನೂ ಕೇಳಬೇಕಾಗಲಿಲ್ಲ.

ಎಲ್ಲವೂ ಹಾಗೆ ಬಗೆಹರಿಯುವುದಿಲ್ಲ. ‘ಊಟಕ್ಕೆ ಮುಂಚಿನ ಅವಧಿ’ ಉಳಿದ ದಿನಗಳಲ್ಲಿ ನಾಲ್ಕನೆಯದು. ಶನಿವಾರ ಹನ್ನೊಂದೂವರೆಗೇ ಶಾಲೆ ಬಿಡುವುದರಿಂದ ಮಧ್ಯಾಹ್ನದ ಊಟದ ವಿರಾಮವೇ ಇಲ್ಲ. ಆ ಮಾತು ಶನಿವಾರಕ್ಕೆ ಬಂದಾಗ ಕೂರಲು ಜಾಗ ಸಿಗುವುದಿಲ್ಲ. ಇಂಥ ಕಡೆ ಊಹಿಸಿ ತುಂಬಬಾರದು. ಮನೆಯಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಗುರುತು ಹಾಕಿ, ಹೋಗಿ ಕೇಳಬೇಕು. ‘ಮೂರನೆಯದಕ್ಕೆ ಹಾಕಿಬಿಡಿ ಮೇಷ್ಟ್ರೇ’ ಎಂದರು ಅವರು. ಅಷ್ಟೇ ಸಾಕಾಯಿತು.

ತುಂಬುವುದರಲ್ಲೂ ಒಂದು ಕ್ರಮವಿದೆ. ಕದಲಿಸಲಾಗದವು ಮೊದಲು: ಪ್ರಯೋಗದ ಜೋಡಿ ಅವಧಿ, ಬಸ್ಸಿನ ಹೊತ್ತಿಗೆ ಕಟ್ಟುಬಿದ್ದ ಹಿಂದಿ, ವಾರದಲ್ಲಿ ಕೆಲವು ದಿನ ಮಾತ್ರ ನಿಯೋಜನೆಯ ಮೇಲೆ ಬರುವವರ ಪಾಠ. ‘ಉಳಿದದ್ದು ಸಮಾಜ ವಿಜ್ಞಾನಕ್ಕೆ’ ಎಂಬ ವಾಕ್ಯ ಹಾಳೆಯ ತಲೆಯಲ್ಲೇ ಇದ್ದರೂ ಅದನ್ನು ಮುಟ್ಟುವುದು ಕಟ್ಟಕಡೆಗೆ.

ಮೂರೂ ತರಗತಿಯ ಪಟ್ಟಿ ತುಂಬಿತು. ಒಂದೊಂದನ್ನೇ ನೋಡಿದರೆ ತಪ್ಪೇ ಇಲ್ಲ. ಆದರೆ ಪಾಠ ಮಾಡುವವರ ಕಡೆಯಿಂದ ಇನ್ನೊಂದು ಪಟ್ಟಿ ಬರೆಯದೆ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಪಿ.ಸಿ.ಎಂ. ಮೇಷ್ಟ್ರ ಪಟ್ಟಿ ಬರೆಯುತ್ತಾ ಹೋದಾಗ ಗುರುವಾರದ ಏಳನೆಯ ಮನೆಯಲ್ಲಿ ಎರಡು ಹೆಸರು ಬಿದ್ದವು: ಹತ್ತರ ಪ್ರಯೋಗ, ಎಂಟರ ಗಣಿತ. ಒಬ್ಬರೇ ಮನುಷ್ಯ, ಎರಡು ಕೊಠಡಿ. (ಮಕ್ಕಳು ದಣಿದಿರುವ ಕೊನೆಯ ಅವಧಿಗೆ ಗಣಿತ ಇಡುವುದು ನನಗೆ ಇಷ್ಟವಿಲ್ಲ. ಆದರೆ ಮೂರು ತರಗತಿಗೂ ಅವರೊಬ್ಬರೇ.)

ಪ್ರಯೋಗವನ್ನು ಐದು ಮತ್ತು ಆರಕ್ಕೆ ಸರಿಸಿ, ಹತ್ತರ ಐದನೆಯ ಅವಧಿಯ ಇಂಗ್ಲಿಷನ್ನು ಏಳಕ್ಕೆ ಕಳಿಸೋಣವೆಂದರೆ, ಆ ಹೊತ್ತಿಗೆ ಇಂಗ್ಲಿಷ್ ಮೇಡಂ ಒಂಬತ್ತರಲ್ಲಿದ್ದಾರೆ. ಒಂದು ತೊಡಕು ಬಿಡಿಸಲು ಹೋಗಿ ಇನ್ನೊಂದು ಬಿದ್ದಂತಾಯಿತು. ಕಡೆಗೆ ಎಂಟರ ಗಣಿತವನ್ನೇ ಐದಕ್ಕೆ ತಂದು, ಅಲ್ಲಿದ್ದ ಸಮಾಜವನ್ನು ಏಳಕ್ಕೆ ಒಯ್ದೆವು. ಐದಕ್ಕೆ ಪಿ.ಸಿ.ಎಂ. ಮೇಷ್ಟ್ರು ಬಿಡುವಾಗಿದ್ದರು, ಏಳಕ್ಕೆ ಸಮಾಜದವರು ಬಿಡುವಾಗಿದ್ದರು. ಅದಲುಬದಲಿನಲ್ಲಿ ಹೀಗೆ ಇಬ್ಬರ ಬಿಡುವನ್ನೂ ನೋಡಬೇಕು. ಒಬ್ಬರದನ್ನು ಮಾತ್ರ ನೋಡುವುದರಿಂದಲೇ ಹೆಚ್ಚಿನ ಎಡವಟ್ಟುಗಳು.

ಹಿರಿಯೂರಿನ ಗೆಳೆಯರೊಬ್ಬರು ಪ್ರತಿ ಶಿಕ್ಷಕರಿಗೂ ಒಂದೊಂದು ಬಣ್ಣದ ಚೀಟಿ ಕತ್ತರಿಸಿ, ನೆಲದ ಮೇಲೆ ಮೂರೂ ತರಗತಿಯ ಪಟ್ಟಿ ಒಂದರ ಕೆಳಗೊಂದು ಹರಡಿ ಜೋಡಿಸುತ್ತಾರೆ. ಒಂದೇ ದಿನದ ಒಂದೇ ಅವಧಿಯಲ್ಲಿ ಒಂದೇ ಬಣ್ಣ ಎರಡು ಸಲ ಕಂಡರೆ ಅಲ್ಲೇ ತೊಡಕು. ಬರೆದು ಅಳಿಸುವ ಕಾಟವಿಲ್ಲದ ಒಳ್ಳೆಯ ವಿಧಾನ ಅದು.

ಇನ್ನು ಬೋರ್ಡಿಗೆ. ಚಿತ್ರದುರ್ಗದ ಡಿ.ಟಿ.ಪಿ. ಅಂಗಡಿಯಿಂದ ಬಂದ ಮೊದಲ ಪ್ರತಿಯಲ್ಲಿ ಶನಿವಾರವನ್ನು ಶುಕ್ರವಾರದ ಕೆಳಗೇ ಸೇರಿಸಿದ್ದರು. ಮೇಲೆ ಮೊದಲ ಅವಧಿ 10-10 ಎಂದಿದೆ. ಶನಿವಾರ ಶುರುವಾಗುವುದು 8ಕ್ಕೆ. ಹೊಸದಾಗಿ ಎಂಟಕ್ಕೆ ಸೇರಿದ ಮಗು ಅದನ್ನು ನೋಡಿ ಬಂದರೆ ಮೂರು ಅವಧಿ ಕಳೆದಿರುತ್ತವೆ. ಹಾಗಾಗಿ ಶನಿವಾರಕ್ಕೆ ಒಂದು ಬೆರಳಗಲ ಜಾಗ ಬಿಟ್ಟು, ಅದರದೇ ಸಮಯದ ಸಾಲಿನೊಡನೆ ಬೇರೆ ಹಾಕಿಸಿದೆವು. ಪ್ರಯೋಗದ ಎರಡು ಮನೆಯನ್ನು ಒಂದೇ ಉದ್ದನೆಯ ಮನೆಯಾಗಿ ಕೂಡಿಸಿದರೂ ಎಣಿಕೆಯಲ್ಲಿ ಅದು ಎರಡೇ.

ಮಕ್ಕಳ ಬೋರ್ಡಿಗೆ ತರಗತಿಯ ಪಟ್ಟಿ, ಸ್ಟಾಫ್ ರೂಮಿಗೆ ಶಿಕ್ಷಕರ ಪಟ್ಟಿ. ಯಾರಾದರೂ ರಜೆ ಹಾಕಿದ ದಿನ ಬದಲಿ ಅವಧಿ ಯಾರಿಗೆ ಕೊಡಬಹುದೆಂದು ನೋಡುವುದು ಈ ಎರಡನೆಯದರಲ್ಲೇ. ಎರಡರ ಮೂಲೆಯಲ್ಲೂ ಜಾರಿಯ ದಿನಾಂಕವಿರುತ್ತದೆ. ವಾಕ್ಯಗಳ ಆ ಹಾಳೆಯನ್ನೂ ಎಸೆಯುವುದಿಲ್ಲ. ಬಸ್ಸಿನ ಕಾರಣಕ್ಕೆ ಹಿಂದಿ ಮೊದಲ ಅವಧಿಯಲ್ಲಿಲ್ಲ ಎಂಬುದು ಮನೆಗಳಲ್ಲಿ ಎಲ್ಲೂ ಬರೆದಿಲ್ಲ. ನಡುವರ್ಷದಲ್ಲಿ ಪಟ್ಟಿ ತಿದ್ದಲು ಕೂರುವವರಿಗೆ ಅದು ಬೇಕಾಗುತ್ತದೆ.