ಮಳೆ ಲೆಕ್ಕದ ಖಾಲಿ ಮನೆ

ತುಮಕೂರಿನಲ್ಲಿ ಮಳೆಯ ದಿನವರದಿ ಸಿದ್ಧಪಡಿಸುವ ಕಾರ್ಯ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುವುದು ಕ್ರಮ. ಹಿಂದಿನ 24 ಗಂಟೆಗಳ ಮಳೆ ಆ ದಿನಾಂಕಕ್ಕೇ ಸಲ್ಲುತ್ತದೆ. ಸರಾಸರಿ ತೆಗೆಯುವ ಮುನ್ನ ಮೂರು ಸಂಗತಿಗಳನ್ನು ಪರಿಶೀಲಿಸುತ್ತಿದ್ದೆ.

ಮೊದಲನೆಯದು ಪುನರುಕ್ತಿ. ಗುಬ್ಬಿಯ ಅಂಕಿ ದೂರವಾಣಿಯಲ್ಲಿ ಒಮ್ಮೆ, ಪತ್ರದಲ್ಲಿ ಮತ್ತೊಮ್ಮೆ ಬರುತ್ತಿತ್ತು. ಕೇಂದ್ರವೂ ದಿನಾಂಕವೂ ಒಂದೇ ಆದರೆ ದಾಖಲೆಯೂ ಒಂದೇ. ಆದರೆ ಎರಡು ದಿನ ಸಮನಾಗಿ ಸುರಿದ ಮಳೆಯನ್ನು ಅಂಕಿಯ ಹೋಲಿಕೆ ಕಂಡು ಅಳಿಸಲಾಗದು.

ಎರಡನೆಯದು ಖಾಲಿ ಮನೆ. ತುಮಕೂರು 20 ಮಿಲಿಮೀಟರ್, ಗುಬ್ಬಿ 40, ಕುಣಿಗಲ್ ಖಾಲಿ ಎಂದಿಟ್ಟುಕೊಳ್ಳೋಣ. ಖಾಲಿಯನ್ನು ಸೊನ್ನೆಯೆಂದು ಎಣಿಸಿದರೆ ಸರಾಸರಿ 20. ಬಂದ ಎರಡನ್ನೇ ಎಣಿಸಿದರೆ 30. ಸೊನ್ನೆಯೆಂದರೆ ಅಳೆದಾಗ ಮಳೆ ಇರಲಿಲ್ಲ. ಖಾಲಿಯೆಂದರೆ ಅಳತೆಯೇ ಕೈಸೇರಿಲ್ಲ. ಆದ್ದರಿಂದ ‘ಮೂರರಲ್ಲಿ ಎರಡು ಕೇಂದ್ರ, ತಾತ್ಕಾಲಿಕ’ ಎಂದು ನಮೂದಿಸಿ 30 ಕಳುಹಿಸುವುದು ಯುಕ್ತ.

ಮೂರನೆಯದು ತಡವಾದ ದಾಖಲೆ. ನಾಲ್ಕು ದಿನದ ಬಳಿಕ ಕುಣಿಗಲ್‌ನಿಂದ 60 ಬಂದರೆ ಅದನ್ನು ಬಂದ ದಿನಕ್ಕಲ್ಲ, ಅಳೆದ ದಿನಕ್ಕೇ ಬರೆಯಬೇಕು. ಸರಾಸರಿ 40 ಎಂದು ತಿದ್ದುಪಡಿ ಕಳುಹಿಸಬೇಕು. ಹಳ್ಳ ತುಂಬಿಸಿ, ತಂತಿ ಕಡಿದ ಮಳೆಯೇ ಅನೇಕ ವೇಳೆ ತನ್ನ ವರದಿಯನ್ನೂ ತಡೆದಿರುತ್ತದೆ. ಹೀಗಾಗಿ ಖಾಲಿ ಮನೆಯಲ್ಲಿ ಅಡಗಿರುವುದು ಕೆಲವೊಮ್ಮೆ ಆ ದಿನದ ಅತಿ ದೊಡ್ಡ ಮಳೆ.